ಇನಿಷಿಯಲ್ ನೋಡಿ ಊರು ಬರೆಯಬೇಡ

ತಮ್ಮಾ,

ಮಂಡ್ಯದ ಸಂಚಿಕೆಗೆ ನೀನು ಮಾಡಿರುವ ಕವಿಗಳ ಪಟ್ಟಿ ಓದಿದೆ. ಪರಿಚಯಗಳು ಚೆನ್ನಾಗಿವೆ, ಹೆಸರಿನ ಸಾಲುಗಳು ಮಾತ್ರ ಕಲಸುಮೇಲೋಗರ. ಜಾಸ್ತಿ ಎಡವಿರುವುದು ಇನಿಷಿಯಲ್‌ನಲ್ಲಿ.

ಕೆ.ಎಸ್.ನ. ಅಂದರೆ ಕಿಕ್ಕೇರಿ ಸುಬ್ಬರಾವ್ ನರಸಿಂಹಸ್ವಾಮಿ. ಊರು, ತಂದೆ, ತನ್ನ ಹೆಸರು. ಹಳೇ ಮೈಸೂರಿನಲ್ಲಿ ಇದು ಸಾಮಾನ್ಯ ಕ್ರಮ, ಹಾಗಂತ ಎಲ್ಲರಿಗೂ ಇದೇ ಲೆಕ್ಕ ಹಾಕಿದರೆ ಕೆಟ್ಟೆ. ಮೇಲುಕೋಟೆಯ ಪು.ತಿ.ನ. ಅವರ 'ಪು' ಊರಲ್ಲ, ಪುರೋಹಿತ. ಧಾರವಾಡದ ದ.ರಾ. ಬೇಂದ್ರೆ ಅವರಲ್ಲಂತೂ ಎಲ್ಲ ತಿರುಗುಮುರುಗು: ದತ್ತಾತ್ರೇಯ ಅವರದೇ ಹೆಸರು, ರಾಮಚಂದ್ರ ತಂದೆ, ಬೇಂದ್ರೆ ಅಡ್ಡಹೆಸರು. ಇನ್ನು ನಿಸಾರ್ ಅಹಮದ್ ಅವರೂ ಕೆ.ಎಸ್., ಆದರೆ ಅದು ಕೊಕ್ಕರೆ ಹೊಸಹಳ್ಳಿ ಶೇಖ್ ಹೈದರ್. ಸುಮ್ನೆ 'ಕೆ.ಎಸ್.' ಅಂತ ಬಿಟ್ಟರೆ ಓದುವವನು ಯಾರನ್ನು ಅಂತ ಹುಡುಕಬೇಕು ಹೇಳು. ಒಮ್ಮೆಯಾದರೂ ಬಿಡಿಸಿ ಬರೆ.

ಇನಿಷಿಯಲ್‌ನಲ್ಲಿ ಊರಿದ್ದರೂ ಅದೇ ಹುಟ್ಟೂರು ಅಂತಲ್ಲ. ಬಿ.ಎಂ.ಶ್ರೀ. ಅವರನ್ನು ನೀನು 'ಬೆಳ್ಳೂರಿನಲ್ಲಿ ಜನನ' ಅಂತ ಹಾಕಿದ್ದೀಯ. ನಾಗಮಂಗಲದ ಬೆಳ್ಳೂರು ಅವರ ಮನೆತನದ ಊರು ಅಷ್ಟೇ, ಹುಟ್ಟಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ.

ಕುವೆಂಪು ಅವರದನ್ನು ಪೂರ್ತಿ ಮಾಡಿ ತೋರಿಸುತ್ತೇನೆ, ಉಳಿದವರದನ್ನು ಇದೇ ದಾರಿಯಲ್ಲಿ ನೀನೇ ಮಾಡು. ಹುಟ್ಟುಹೆಸರು ಪುಟ್ಟಪ್ಪ. ಪೂರ್ಣ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಮೂರರ ಮೊದಲಕ್ಷರ ಕೂಡಿಸಿದ್ದೇ ಕಾವ್ಯನಾಮ. ಅದಕ್ಕೂ ಮೊದಲು 'ಕಿಶೋರ ಚಂದ್ರವಾಣಿ' ಅಂತ ಇನ್ನೊಂದು ಹೆಸರಿನಲ್ಲಿ ಬರೆಯುತ್ತಿದ್ದರು. ಅದನ್ನೂ ಹಾಕಬೇಕು, ಯಾಕೆಂದರೆ ಆ ಕಾಲದ ಹಾಳೆಗಳಲ್ಲಿ ಹುಡುಕುವವನಿಗೆ 'ಕುವೆಂಪು' ಅಂತ ಸಿಗುವುದಿಲ್ಲ. ಹುಟ್ಟಿದ್ದು 1904ರಲ್ಲಿ ತಾಯಿಯ ತವರು ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ. ರಾಷ್ಟ್ರಕವಿ ಬಿರುದು ಸಿಕ್ಕಿದ್ದು 1964ರಲ್ಲಿ.

ಆ ಬಿರುದು ಹೆಸರಿನ ಭಾಗವಲ್ಲ, ಅದಕ್ಕೆ ಬೇರೆ ಸಾಲು ಬೇಕು, ಕೊಟ್ಟವರು ಮತ್ತು ವರ್ಷ ಎರಡೂ ಇರಬೇಕು. 1930ರ ದಶಕದ ಅವರ ಕವನದ ಕೆಳಗೆ 'ರಾಷ್ಟ್ರಕವಿ ಕುವೆಂಪು' ಅಂತ ಹಾಕಿದರೆ ಆಗ ಇಲ್ಲದ್ದನ್ನು ಬರೆದ ಹಾಗಾಯಿತು, ಅಲ್ವಾ? ಇದು ಅವರೊಬ್ಬರ ಬಿರುದೂ ಅಲ್ಲ. ಗೋವಿಂದ ಪೈಗಳಿಗೆ 1949ರಲ್ಲೇ ಮದ್ರಾಸ್ ಸರ್ಕಾರ ಕೊಟ್ಟಿತ್ತು. 2006ರಲ್ಲಿ ಜಿ.ಎಸ್. ಶಿವರುದ್ರಪ್ಪನವರಿಗೆ ಕರ್ನಾಟಕ ಸರ್ಕಾರ ಕೊಟ್ಟಿತು.

ಬೇಂದ್ರೆಯವರ 'ವರಕವಿ', ಕೆ.ಎಸ್.ನ. ಅವರ 'ಮಲ್ಲಿಗೆ ಕವಿ' ಇವೆಲ್ಲ ಜನ ಪ್ರೀತಿಯಿಂದ ಕರೆದದ್ದು. 'ಹೀಗೆ ಕರೆಯುತ್ತಾರೆ' ಅಂದರೆ ಸಾಕು, ಪ್ರಶಸ್ತಿಯ ಸಾಲಿಗೆ ತಳ್ಳಬೇಡ. 'ಅಂಬಿಕಾತನಯದತ್ತ' ಹಾಗಲ್ಲ, ಬೇಂದ್ರೆಯವರೇ ತಾಯಿಯ ಹೆಸರು ಸೇರಿಸಿ ಇಟ್ಟುಕೊಂಡದ್ದು. ಅದು ಕಾವ್ಯನಾಮದ ಸಾಲಿಗೆ.

ಪ್ರೆಸ್‌ಗೆ ಕೊಡುವ ಮುಂಚೆ ಇನ್ನೊಮ್ಮೆ ಕಳಿಸು. ಬಿ.ಎಂ.ಶ್ರೀ. ಅವರನ್ನು ಪಟ್ಟಿಯಿಂದ ತೆಗೆಯಬೇಡ, 'ಮನೆತನದ ಊರು ಬೆಳ್ಳೂರು' ಅಂತ ತಿದ್ದಿದರೆ ಆಯಿತು.

ಮೈಸೂರಿನಿಂದ,
ನಿನ್ನಣ್ಣ