ಹನ್ನೆರಡು ತಿಂಗಳ ಹಾಲಿನ ಲೆಕ್ಕ ಒಂದೇ ಸೂತ್ರದಲ್ಲಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಹಾಲಿನ ಸೊಸೈಟಿಗಳಲ್ಲಿ ವರ್ಷದ ಲೆಕ್ಕ ಮಾಡುವವರ ಗಮನಕ್ಕೆ.

ಎಕ್ಸೆಲ್ ಕಡತದಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಹಾಳೆಗಳಿದ್ದು, ಪ್ರತಿ ಹಾಳೆಯ E34ರಲ್ಲಿ ಆ ತಿಂಗಳ ಒಟ್ಟು ಲೀಟರ್ ಇದ್ದರೆ, Year ಹಾಳೆಯಲ್ಲಿ ಇಷ್ಟು ಸಾಕು:

```
=SUM(Apr:Mar!E34)
```

ಟೈಪ್ ಮಾಡುವುದು ಬೇಡವಾದರೆ `=SUM(` ಎಂದು ಬರೆದು Apr ಹಾಳೆಯ ಹೆಸರನ್ನು ಒತ್ತಿ, ಶಿಫ್ಟ್ ಹಿಡಿದು Mar ಒತ್ತಿ, E34 ಆರಿಸಿ, ಆವರಣ ಮುಚ್ಚಿ ಎಂಟರ್ ಕೊಡಿ.

ಎಕ್ಸೆಲ್ ತಿಂಗಳ ಹೆಸರನ್ನು ಓದುವುದಿಲ್ಲ. ಕೆಳಗಡೆ ಹಾಳೆಗಳ ಹೆಸರಿರುವ ಸಾಲಿನಲ್ಲಿ ಆ ಎರಡು ಹಾಳೆಗಳನ್ನೂ ಅವುಗಳ ನಡುವೆ ಇರುವುದನ್ನೆಲ್ಲವನ್ನೂ ಕೂಡಿಸುತ್ತದೆ. Aug ಹಾಳೆಯನ್ನು Mar ಆಚೆ ಎಳೆದರೆ ಆಗಸ್ಟ್ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನಡುವೆ Julನ ಇನ್ನೊಂದು ಪ್ರತಿ ಉಳಿದರೆ ಜುಲೈ ಎರಡು ಸಲ ಸೇರುತ್ತದೆ. Year ಹಾಳೆ ಯಾವಾಗಲೂ ಹೊರಗಿರಲಿ, ಇಲ್ಲದಿದ್ದರೆ ಅದರ E34ರಲ್ಲಿರುವುದೂ ಸೇರುತ್ತದೆ, ಸೂತ್ರವೇ ಆ E34ರಲ್ಲಿದ್ದರೆ ತನ್ನ ಸುತ್ತಲೇ ಸುತ್ತುತ್ತದೆ.

ಹೆಚ್ಚಾಗಿ ತಪ್ಪುವುದು ಫೆಬ್ರವರಿಯಲ್ಲಿ. ಶೀರ್ಷಿಕೆಗೆ 2 ಸಾಲು, ದಿನಗಳಿಗೆ 31 ಸಾಲು, ಮೊತ್ತ 34ರಲ್ಲಿ. 28 ದಿನವೇ ತಾನೆ ಎಂದು ಖಾಲಿ 3 ಸಾಲು ಅಳಿಸಿದರೆ ಮೊತ್ತ E31ಕ್ಕೆ ಏರುತ್ತದೆ, ಸೂತ್ರ ಮಾತ್ರ E34ನ್ನೇ ನೋಡುತ್ತದೆ. ಆ ತಿಂಗಳು 4,120 ಲೀಟರ್ ಆಗಿದ್ದರೆ ವರ್ಷದ ಮೊತ್ತ ಸರಿಯಾಗಿ ಅಷ್ಟೇ ಕಡಿಮೆ ಬರುತ್ತದೆ. ಖಾಲಿ ಸಾಲು ಹಾಗೆಯೇ ಇರಲಿ. ಪರೀಕ್ಷೆಗೆ ಪಕ್ಕದಲ್ಲಿ ಇದನ್ನು ಹಾಕಿ, 12 ಬರಬೇಕು:

```
=COUNT(Apr:Mar!E34)
```

ಗೂಗಲ್ ಶೀಟ್ಸ್‌ನಲ್ಲಿ ಈ ವಿಧಾನ ನಡೆಯುವುದಿಲ್ಲ.