ಇನ್ನು ಮುಂದೆ ನಿಮಗೆ ಕೊಡುವ ವಿಡಿಯೊ ಫುಲ್ ಎಚ್‌ಡಿಯಲ್ಲಿ: ಏಕೆ, ಹೇಗೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಾವು ಸಂಕಲನ ಮಾಡಿ ಕೊಡುವ ಪ್ರತಿ ಕಾರ್ಯಕ್ರಮದ ವಿಡಿಯೊ 1920×1080ರ ಫುಲ್ ಎಚ್‌ಡಿ ಫೈಲಾಗಿ ನಿಮ್ಮ ಕೈಸೇರುತ್ತದೆ. ಚಿತ್ರೀಕರಣ ಮಾತ್ರ ಎಂದಿನಂತೆ 3840×2160ರ ಅಲ್ಟ್ರಾ ಎಚ್‌ಡಿಯಲ್ಲೇ ನಡೆಯುತ್ತದೆ. "ದೊಡ್ಡದಾಗಿ ತೆಗೆದು ಚಿಕ್ಕದಾಗಿಸಿ ಕೊಡುವುದೇಕೆ, ಇದರಲ್ಲಿ ನಮಗೆ ನಷ್ಟವಿಲ್ಲವೇ?" ಎಂದು ಈಗಾಗಲೇ ಮೂವರು ಕೇಳಿದ್ದಾರೆ. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇವೆ.

ಈ ಬದಲಾವಣೆಗೆ ಕಾರಣವಾದದ್ದು ಒಂದು ಅಂಗಿ. ಕೆಲವು ತಿಂಗಳ ಹಿಂದೆ ಒಂದು ಉಪನ್ಯಾಸದ ವಿಡಿಯೊವನ್ನು ಗ್ರಾಹಕರೊಬ್ಬರು ಫುಲ್ ಎಚ್‌ಡಿಯಲ್ಲೇ ಬೇಕೆಂದು ಕೇಳಿ ಪಡೆದಿದ್ದರು. ಎರಡು ದಿನ ಬಿಟ್ಟು ಅವರ ದೂರು ಬಂತು: ಉಪನ್ಯಾಸಕರು ತೊಟ್ಟಿದ್ದ ಸಣ್ಣ ಗೆರೆಗಳ ಅಂಗಿಯ ಮೇಲೆ ಏನೋ ಹರಿದಾಡಿದಂತೆ ಕಾಣುತ್ತಿದೆ, ಅವರು ಬಲಕ್ಕೆ ವಾಲಿದರೆ ಗೆರೆಗಳು ಎಡಕ್ಕೆ ಓಡುತ್ತವೆ, ನಿಮ್ಮ ಕ್ಯಾಮೆರಾ ಕೆಟ್ಟಿದೆಯೇ? ಮೂಲ ಫೈಲನ್ನು ತೆರೆದು ನೋಡಿದೆವು. ಅದರಲ್ಲಿ ಗೆರೆಗಳು ಅಲುಗಾಡದೆ ಅಂಗಿಯ ಮೇಲೇ ಇದ್ದವು. ಕೆಟ್ಟದ್ದು ಕ್ಯಾಮೆರಾ ಅಲ್ಲ, ನಾವು ಚಿತ್ರವನ್ನು ಚಿಕ್ಕದು ಮಾಡಿದ ರೀತಿ.

ಅಲ್ಟ್ರಾ ಎಚ್‌ಡಿಯ ಒಂದು ಚೌಕಟ್ಟಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ, ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ. ಅಂದರೆ ನಾಲ್ಕು ಪಿಕ್ಸೆಲ್‌ಗಳ ಜಾಗಕ್ಕೆ ಒಂದು. ಆ ಒಂದಕ್ಕೆ ಯಾವ ಬಣ್ಣ ಕೊಡಬೇಕು ಎಂಬುದನ್ನು ತೀರ್ಮಾನಿಸುವುದು ಸ್ಕೇಲಿಂಗ್ ಫಿಲ್ಟರ್. ಅಂದು ನಮ್ಮ ತಂತ್ರಾಂಶದಲ್ಲಿ 'ವೇಗ' ಎಂಬ ಆಯ್ಕೆ ಒತ್ತಿದ್ದೆವು. ಅದು ಒಂದು ಪಿಕ್ಸೆಲ್ ಇಟ್ಟುಕೊಂಡು ಪಕ್ಕದ್ದನ್ನು ಎಸೆಯುತ್ತದೆ, ಅಷ್ಟೇ. ಮುಖ, ಗೋಡೆ, ಆಕಾಶ ಇರುವಲ್ಲಿ ಈ ಸೋಮಾರಿತನ ಕಣ್ಣಿಗೆ ಬೀಳುವುದಿಲ್ಲ. ಗೆರೆಗಳಿರುವಲ್ಲಿ ಸಿಕ್ಕಿಬೀಳುತ್ತದೆ.

ಆ ಅಂಗಿಯನ್ನೇ ತೆಗೆದುಕೊಳ್ಳಿ. ಮೂಲ ಚಿತ್ರದಲ್ಲಿ ಮೂರು ಪಿಕ್ಸೆಲ್‌ಗಳಿಗೊಂದು ಬಿಳಿ ಗೆರೆ ಇದೆ ಎನ್ನೋಣ: ಕಪ್ಪು, ಕಪ್ಪು, ಬಿಳಿ, ಮತ್ತೆ ಕಪ್ಪು, ಕಪ್ಪು, ಬಿಳಿ. ಒಂದನ್ನು ಬಿಟ್ಟು ಒಂದನ್ನು ಆರಿಸಿದರೆ ಉಳಿಯುವುದು ಕಪ್ಪು, ಬಿಳಿ, ಕಪ್ಪು. ಮತ್ತೆ ಕಪ್ಪು, ಬಿಳಿ, ಕಪ್ಪು. ನೋಡಲು ಇದೂ ಮೂರಕ್ಕೊಂದು ಗೆರೆಯೇ. ಆದರೆ ಚಿಕ್ಕ ಚಿತ್ರದ ಮೂರು ಪಿಕ್ಸೆಲ್ ಎಂದರೆ ಮೂಲದ ಆರು. ಅಂಗಿಯ ಮೇಲೆ ನೂರು ಗೆರೆಗಳಿದ್ದರೆ ವಿಡಿಯೊದಲ್ಲಿ ಐವತ್ತು ಕಾಣುತ್ತವೆ, ಅವೂ ದಪ್ಪನೆಯವು. ಅವು ಅಂಗಿಯಲ್ಲಿ ಇಲ್ಲದ ಗೆರೆಗಳು. ಈಗ ಅಂಗಿಯನ್ನು ಒಂದು ಪಿಕ್ಸೆಲ್‌ನಷ್ಟು ಬಲಕ್ಕೆ ಸರಿಸಿ, ಕಾಗದದ ಮೇಲೆ ಮತ್ತೊಮ್ಮೆ ಆರಿಸಿ ನೋಡಿ. ಸುಳ್ಳು ಗೆರೆ ಎಡಕ್ಕೆ ಹೋಗಿರುತ್ತದೆ, ಅದೂ ಎರಡು ಪಟ್ಟು ದೂರ. ನಮ್ಮ ಗ್ರಾಹಕರು ಕಂಡದ್ದು ಇದನ್ನೇ. ಓಡುವ ಗಾಡಿಯ ಚಕ್ರ ಪರದೆಯ ಮೇಲೆ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಜಾತಿಯ ಮೋಸ.

ನಾಲ್ಕು ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಸಾಲದೇ ಎಂದು ನಾವೂ ಮೊದಲು ಯೋಚಿಸಿದೆವು. ಸ್ವಲ್ಪ ಉಪಯೋಗವಿದೆ. ಇದೇ ಗೆರೆಗಳನ್ನು ಎರಡೆರಡಾಗಿ ಕೂಡಿಸಿ ಸರಾಸರಿ ತೆಗೆದರೆ ಕಪ್ಪು, ಬೂದು, ಬೂದು. ಮತ್ತೆ ಕಪ್ಪು, ಬೂದು, ಬೂದು ಎಂದು ಬರುತ್ತದೆ. ಸುಳ್ಳು ಗೆರೆಯ ಗಾಢತೆ ಅರ್ಧಕ್ಕೆ ಇಳಿಯಿತು, ಆದರೆ ಗೆರೆ ಹೋಗಲಿಲ್ಲ. ಅಷ್ಟು ಸಣ್ಣ ಗೆರೆಗಳನ್ನು ತೋರಿಸುವ ಶಕ್ತಿ ಫುಲ್ ಎಚ್‌ಡಿಗೆ ಇಲ್ಲ. ಆದ್ದರಿಂದ ಅಲ್ಲಿ ಒಂದೇ ಸಮನಾದ ಬೂದು ಬಣ್ಣ ಬರುವುದೇ ಸರಿಯಾದ ಉತ್ತರ. ಆ ಉತ್ತರ ಸಿಗಬೇಕಾದರೆ ಫಿಲ್ಟರ್ ಇನ್ನಷ್ಟು ಅಕ್ಕಪಕ್ಕವನ್ನು ನೋಡಬೇಕು.

ನಾವು ಈಗ ಬಳಸುತ್ತಿರುವ ಲಾಂಚೋಸ್ ಫಿಲ್ಟರ್ ಹಾಗೆ ನೋಡುತ್ತದೆ. ಹಂಗೇರಿಯ ಗಣಿತಜ್ಞ ಕಾರ್ನೀಲಿಯಸ್ ಲಾಂಚೋಸ್ ಅವರ ಹೆಸರು ಹೊತ್ತಿರುವ ಇದು, ಚಿತ್ರವನ್ನು ಅರ್ಧಕ್ಕೆ ಇಳಿಸುವಾಗ ಒಂದೊಂದು ಹೊಸ ಪಿಕ್ಸೆಲ್‌ಗೂ ಅಡ್ಡಕ್ಕೆ 12, ಉದ್ದಕ್ಕೆ 12 ಹಳೆಯ ಪಿಕ್ಸೆಲ್‌ಗಳನ್ನು ತೂಕ ಹಾಕಿ ಕೂಡಿಸುತ್ತದೆ. ಹತ್ತಿರದವಕ್ಕೆ ಹೆಚ್ಚು ತೂಕ, ದೂರದವಕ್ಕೆ ಕಡಿಮೆ, ನಡುವೆ ಕೆಲವಕ್ಕೆ ಋಣ ತೂಕ. ಈ ಋಣ ತೂಕದಿಂದಲೇ ಕೂದಲ ಎಳೆ, ಎಲೆಯ ಅಂಚು ಮಂಕಾಗದೆ ಚುರುಕಾಗಿ ಉಳಿಯುತ್ತವೆ. ಅದೇ ಉಪನ್ಯಾಸವನ್ನು ಮತ್ತೆ ಇಳಿಸಿದಾಗ ಅಂಗಿ ನಯವಾದ ಬೂದಾಯಿತು, ಉಪನ್ಯಾಸಕರ ಹುಬ್ಬಿನ ಕೂದಲು ಮಾತ್ರ ಎಣಿಸುವಂತಿತ್ತು.

ಇದಕ್ಕೂ ಒಂದು ಚಟವಿದೆ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದಂತಹ ಕಡಿದಾದ ಅಂಚು ಸಿಕ್ಕರೆ, ಅದರ ಗುಂಟ ತೆಳುವಾದ ಹೊಳೆಯುವ ಅಥವಾ ಮಬ್ಬಾದ ಗೆರೆಯೊಂದನ್ನು ಬಿಡುತ್ತದೆ. ಅದಕ್ಕೇ ಶೀರ್ಷಿಕೆ, ಹೆಸರಿನ ಪಟ್ಟಿಗಳನ್ನು ಈಗ ಚಿತ್ರವನ್ನು ಇಳಿಸಿದ ಮೇಲೆ ಸೇರಿಸುತ್ತೇವೆ. ಕಂಪ್ಯೂಟರ್ ಪರದೆಯನ್ನೇ ಚಿತ್ರೀಕರಿಸಿದ ಪಾಠಗಳಿಗೆ ಲಾಂಚೋಸ್ ಬಿಟ್ಟು ಇನ್ನೂ ಮೃದುವಾದ ಬೈಕ್ಯೂಬಿಕ್ ಬಳಸುತ್ತೇವೆ. ಇಳಿಸಿದ ನಂತರ 'ಶಾರ್ಪನ್' ಮಾಡುವುದನ್ನಂತೂ ಪೂರ್ತಿ ನಿಲ್ಲಿಸಿದ್ದೇವೆ. ಅದು ಈ ಗೆರೆಗಳನ್ನೇ ಎತ್ತಿ ತೋರಿಸುತ್ತದೆ, ಫೈಲಿನ ಗಾತ್ರವನ್ನೂ ಹೆಚ್ಚಿಸುತ್ತದೆ.

ಇನ್ನು ಗಾತ್ರದ ಮಾತು. ಇತ್ತೀಚೆಗೆ ಮಾಡಿಕೊಟ್ಟ ಒಂದು ನೃತ್ಯ ಕಾರ್ಯಕ್ರಮದ ಉದ್ದ 1 ಗಂಟೆ 40 ನಿಮಿಷ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದುಕೊಂಡಿತ್ತು. ಒಟ್ಟು 75 ಜಿಬಿ. ಇದನ್ನು ಹಾಗೇ ಕೊಟ್ಟರೆ ಪೆನ್‌ಡ್ರೈವ್‌ಗೆ ತುಂಬುವುದೇ ಒಂದು ಕೆಲಸ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಡೆತಡೆದು ಓಡುತ್ತದೆ. ಜೊತೆಗೆ ಫುಲ್ ಎಚ್‌ಡಿ ಪರದೆಯಲ್ಲಿ ನೋಡುವವರಿಗೆ ಆ ಪರದೆಯೇ ಚಿತ್ರವನ್ನು ಚಿಕ್ಕದು ಮಾಡಬೇಕಾಗುತ್ತದೆ. ಅದು ಯಾವ ಫಿಲ್ಟರ್ ಬಳಸುತ್ತದೋ ನಮ್ಮ ಕೈಯಲ್ಲಿಲ್ಲ. ಅಂಗಿಯ ಕಥೆ ನಿಮ್ಮ ಮನೆಯಲ್ಲೇ ಮರುಕಳಿಸಬಹುದು.

ಹಿಂದೆ ಫುಲ್ ಎಚ್‌ಡಿ ಕೇಳಿದವರಿಗೆಲ್ಲ ಸೆಕೆಂಡಿಗೆ 8 ಮೆಗಾಬಿಟ್ ಎಂದು ಒಂದೇ ಅಳತೆ ಇಟ್ಟಿದ್ದೆವು. ಅದು ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಹೊಲಿದಂತೆ. ಒಬ್ಬರೇ ನಿಂತು ಮಾತನಾಡುವ ದೃಶ್ಯಕ್ಕೆ ಅಷ್ಟು ಬೇಕಿಲ್ಲ. ಇಪ್ಪತ್ತು ಜನ ಒಟ್ಟಿಗೆ ಸುತ್ತುವ ನೃತ್ಯಕ್ಕೆ ಅದು ಸಾಲದು. ಸಾಲದಿದ್ದಾಗ ಏನಾಗುತ್ತದೆ ಎಂದು ನಿಮಗೇ ಕಾಣುತ್ತದೆ: ವೇಗದ ಹೆಜ್ಜೆಯ ನಡುವೆ ವಿಡಿಯೊ ನಿಲ್ಲಿಸಿ ವೇದಿಕೆಯ ಹಿಂದಿನ ಕಪ್ಪು ಪರದೆಯನ್ನು ನೋಡಿ. ಅಲ್ಲಿ ಚೌಕ ಚೌಕವಾದ ತೇಪೆಗಳು ಎದ್ದಿರುತ್ತವೆ.

ಈಗ ಗಾತ್ರದ ಬದಲು ಗುಣಮಟ್ಟವನ್ನು ನಿಗದಿ ಮಾಡುತ್ತೇವೆ. ವಿಡಿಯೊವನ್ನು ಕುಗ್ಗಿಸಿ ಫೈಲು ಮಾಡುವ ಎಕ್ಸ್264 ಎಂಬ ಎನ್‌ಕೋಡರ್‌ನಲ್ಲಿ ಇದಕ್ಕೆ ಸಿಆರ್‌ಎಫ್ ಎಂಬ ಅಂಕಿಯಿದೆ. ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಆರು ಏರಿಸಿದರೆ ಫೈಲು ಸರಿಸುಮಾರು ಅರ್ಧವಾಗುತ್ತದೆ. ಎನ್‌ಕೋಡರ್ ತಾನಾಗಿ ಹಿಡಿಯುವುದು 23. ನೃತ್ಯದ ಅತಿ ಗಡಿಬಿಡಿಯ ಒಂದು ನಿಮಿಷವನ್ನು ಕತ್ತರಿಸಿ 16, 19, 22ರಲ್ಲಿ ಮಾಡಿ, ಯಾವುದು ಯಾವುದೆಂದು ಹೇಳದೆ ನಮ್ಮವರಿಗೇ ತೋರಿಸಿದೆವು. 22ರಲ್ಲಿ ಪರದೆಯ ಮಡಿಕೆಗಳು ಕಲಸಿಹೋದದ್ದನ್ನು ಎಲ್ಲರೂ ಗುರುತಿಸಿದರು. 16 ಮತ್ತು 19ರ ನಡುವೆ ಯಾರೂ ನಿಖರವಾಗಿ ಬೇರ್ಪಡಿಸಲಿಲ್ಲ. 19ನ್ನು ಉಳಿಸಿಕೊಂಡೆವು. ಇಡೀ ಕಾರ್ಯಕ್ರಮ 8.4 ಜಿಬಿ ಆಯಿತು, ಹಳೆಯ ಅಳತೆಯಲ್ಲಿ 6 ಆಗುತ್ತಿತ್ತು. ಆ ಅಂಗಿಯ ಒಂದು ಗಂಟೆಯ ಉಪನ್ಯಾಸ ಮಾತ್ರ 3.6 ಜಿಬಿಯಿಂದ 2.2ಕ್ಕೆ ಇಳಿಯಿತು. ಆದ್ದರಿಂದ ಎರಡು ವಿಡಿಯೊಗಳ ಉದ್ದ ಒಂದೇ ಇದ್ದು ಗಾತ್ರ ಬೇರೆ ಇದ್ದರೆ ಗಾಬರಿಯಾಗಬೇಡಿ.

ತಾವೇ ಮಾಡಿಕೊಳ್ಳಲು ಬಯಸುವವರಿಗೆ, ನಾವು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಬಳಸುವ ಆಜ್ಞೆ ಇದು:

```
ffmpeg -i mula.mp4 -vf "scale=1920:1080:flags=lanczos" \
  -c:v libx264 -preset slow -crf 19 -pix_fmt yuv420p \
  -c:a copy -movflags +faststart hd.mp4
```

ಧ್ವನಿಯನ್ನು ಮುಟ್ಟದೆ ಹಾಗೇ ನಕಲಿಸುತ್ತೇವೆ. `flags=lanczos` ಬಿಟ್ಟರೆ ಇದು ಬೈಕ್ಯೂಬಿಕ್ ಬಳಸುತ್ತದೆ, ಅದೂ ಕೆಟ್ಟದ್ದಲ್ಲ. ಎರಡು ಕಡೆ ಮಾತ್ರ ಎಚ್ಚರ ಬೇಕು. ಕೆಲವು ಕ್ಯಾಮೆರಾಗಳ ಸಿನಿಮಾ 4ಕೆ 4096×2160 ಇರುತ್ತದೆ. ಅದನ್ನು ಈ ಆಜ್ಞೆಗೆ ಕೊಟ್ಟರೆ ಕೆಲವು ಪ್ಲೇಯರ್‌ಗಳಲ್ಲಿ ಮುಖಗಳು ಕೊಂಚ ಉದ್ದಕ್ಕೆ ಎಳೆದಂತೆ ಕಾಣಬಹುದು. ಅಲ್ಲಿ `1920:1080` ಬದಲು `1920:-2` ಎಂದು ಬರೆದರೆ ಎತ್ತರವನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಎರಡನೆಯದು ಎಚ್‌ಡಿಆರ್‌ನಲ್ಲಿ, ಅಂದರೆ ಸಾಮಾನ್ಯಕ್ಕಿಂತ ಹೆಚ್ಚಿನ ಬೆಳಕು-ನೆರಳಿನ ವ್ಯಾಪ್ತಿಯಲ್ಲಿ, ತೆಗೆದ ವಿಡಿಯೊ. ಈಗಿನ ಹಲವು ಮೊಬೈಲ್‌ಗಳು ಕೇಳದೆಯೇ ಹಾಗೆ ತೆಗೆಯುತ್ತವೆ. ಅದನ್ನು ಬರೀ ಚಿಕ್ಕದು ಮಾಡಿದರೆ ಬಣ್ಣಗಳು ತೊಳೆದಂತೆ ಬಿಳಚಿಕೊಳ್ಳುತ್ತವೆ. ಬೆಳಕು, ಬಣ್ಣಗಳನ್ನು ಸಾಮಾನ್ಯ ಪರದೆಗೆ ಹೊಂದಿಸುವ ಟೋನ್ ಮ್ಯಾಪಿಂಗ್ ಬೇರೆಯೇ ಕೆಲಸ. ನಿಮ್ಮ ಮೊಬೈಲಿನ ತುಣುಕುಗಳನ್ನು ನಮ್ಮ ಸಂಕಲನಕ್ಕೆ ಕೊಡುವಾಗ ಎಚ್‌ಡಿಆರ್ ಎಂದು ತಿಳಿದಿದ್ದರೆ ದಯವಿಟ್ಟು ಹೇಳಿಬಿಡಿ.

ಮೊದಲಿಗೆ ಕೇಳಿದ ಪ್ರಶ್ನೆಗೆ ಬರುತ್ತೇವೆ. ನಷ್ಟ ಇದೆ. ಫುಲ್ ಎಚ್‌ಡಿ ಫೈಲಿನಲ್ಲಿ ಒಂದು ಮುಖವನ್ನು ಎರಡು ಪಟ್ಟು ಹಿಗ್ಗಿಸಿ ನೋಡಿದರೆ ಮೂಲದಲ್ಲಿದ್ದ ವಿವರ ಸಿಗುವುದಿಲ್ಲ. ಒಂದು ಚೌಕಟ್ಟನ್ನು ದೊಡ್ಡ ಫೋಟೊ ಮಾಡಿಸುವುದಿದ್ದರೂ ಅಷ್ಟೇ. ದೊಡ್ಡ ಟಿವಿಯ ಹತ್ತಿರ ಕುಳಿತು ನೋಡುವವರಿಗೂ ವ್ಯತ್ಯಾಸ ತಿಳಿಯಬಹುದು. ಅಂಥವರು ಕೇಳಿದರೆ ಅಲ್ಟ್ರಾ ಎಚ್‌ಡಿಯನ್ನೇ ಕೊಡುತ್ತೇವೆ. 75 ಜಿಬಿ ಹಿಡಿಯುವ ಡಿಸ್ಕ್ ತಂದರೆ ಸಾಕು. ಮೂಲ ಫೈಲುಗಳು ಆರು ತಿಂಗಳು ನಮ್ಮಲ್ಲಿರುತ್ತವೆ, ಆಮೇಲೆ ಅಳಿಸುತ್ತೇವೆ. ಆದ್ದರಿಂದ ಆ ಅವಧಿಯೊಳಗೆ ಕೇಳಿ.

ಪೆನ್‌ಡ್ರೈವ್ ಬಗ್ಗೆ ಒಂದು ಮಾತು ಉಳಿಯಿತು. ಫ್ಯಾಟ್32 ವಿಧಾನದಲ್ಲಿ ಸಿದ್ಧಪಡಿಸಿದ ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಫೈಲು ಹೋಗುವುದೇ ಇಲ್ಲ. ಜಾಗ ಖಾಲಿಯಿದ್ದರೂ ಜಾಗವಿಲ್ಲವೆಂಬಂತೆ ಹಟ ಮಾಡುತ್ತದೆ. ನಾವು ಇನ್ನು ಎಕ್ಸ್‌ಫ್ಯಾಟ್‌ನಲ್ಲಿ ಕೊಡುತ್ತೇವೆ. ನಿಮ್ಮ ಟಿವಿ ಹಳೆಯದಾಗಿದ್ದು ಅದನ್ನು ಓದದಿದ್ದರೆ ತಿಳಿಸಿ, ವಿರಾಮದ ಜಾಗಗಳಲ್ಲಿ ಕತ್ತರಿಸಿ ಮೂರು ಭಾಗ ಮಾಡಿಕೊಡುತ್ತೇವೆ. ಹಿಂದಿನ ರೀತಿಯಲ್ಲಿ ಫುಲ್ ಎಚ್‌ಡಿ ಪಡೆದವರಲ್ಲಿ ಯಾರ ವಿಡಿಯೊದಲ್ಲಾದರೂ ಗೆರೆಗಳು, ಕಿಟಕಿಯ ಸರಳುಗಳು, ಹೆಂಚಿನ ಸಾಲುಗಳು ಮಿನುಗುತ್ತಿದ್ದರೆ, ಮೂಲ ಇನ್ನೂ ನಮ್ಮಲ್ಲಿರುವಷ್ಟು ದಿನ ಶುಲ್ಕವಿಲ್ಲದೆ ಹೊಸದಾಗಿ ಮಾಡಿಕೊಡುತ್ತೇವೆ. ಅಂಗಿಯ ಗ್ರಾಹಕರಿಗೆ ಈಗಾಗಲೇ ಕಳುಹಿಸಿದ್ದೇವೆ.

ಇಂತಿ,
ಸಂಕಲನ ವಿಭಾಗದ ಪರವಾಗಿ