ನೀಟ್‌ಗೆ ಮೂರು ಸಾಲು ಸಾಕು, ಪುಟ್ಟಿ

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ಹೊರದೇಶದ ಎಂಎಸ್ಸಿ ಅರ್ಜಿಗೆ ಅಂತ ನೀನು ಬರೆದು ಕಳಿಸಿದ ಎಸ್‌ಒಪಿ ಓದಿದೆ. ಎರಡು ಪುಟದಲ್ಲಿ ಮುಕ್ಕಾಲು ಪುಟ ನೀಟ್ ಕಥೆಯೇ ಇದೆ. ದೇವರಕಾಡಿನಲ್ಲಿ ಜಿಗಣೆ ಕಚ್ಚಿಸಿಕೊಂಡು ಮಾಡಿದ ಪ್ರಾಜೆಕ್ಟ್‌ಗೆ ಐದೇ ಸಾಲು. ಎಂಎಸ್ಸಿ ಸೀಟು ಕೊಡುವವರಿಗೆ ಬೇಕಾಗಿರುವುದು ಆ ಐದು ಸಾಲು, ಅಲ್ವಾ? ಕೆಲಸದಲ್ಲಿ ಇದ್ದಷ್ಟು ವರ್ಷ ಇಂಥ ಅರ್ಜಿಗಳನ್ನು ಕಂತೆ ಕಂತೆ ಓದಿದವನು ನಾನು. ಹಾಗಾಗಿ ನಿನ್ನ ದೊಡ್ಡಪ್ಪನಾಗಿ ಅಲ್ಲ, ಮೇಜಿನ ಆ ಕಡೆ ಕೂತವನಾಗಿ ಹೇಳುತ್ತೇನೆ.

ನೀಟ್ ವಿಷಯವನ್ನು ಪೂರ್ತಿ ಬಿಟ್ಟುಬಿಡಬಹುದಾ ಅಂತ ನೀನು ಫೋನಿನಲ್ಲಿ ಕೇಳಿದ್ದೆ. ನಿನ್ನ ವಿಷಯದಲ್ಲಿ ಬೇಡ. ಪಿಯುಸಿ ಮುಗಿದಿದ್ದು 2018ರಲ್ಲಿ, ಪೊನ್ನಂಪೇಟೆಯಲ್ಲಿ ಬಿಎಸ್ಸಿ ಫಾರೆಸ್ಟ್ರಿ ಸೇರಿದ್ದು 2019ರಲ್ಲಿ. ಮಾರ್ಕ್ಸ್ ಕಾರ್ಡ್ ಮೇಲೆ ಎರಡೂ ಇಸವಿ ಅಚ್ಚಾಗಿವೆ. ನಡುವೆ ಒಂದು ವರ್ಷ ಏನಾಯಿತು ಅಂತ ಓದುವವರು ಕೇಳಿಯೇ ಕೇಳುತ್ತಾರೆ. ಆ ಖಾಲಿ ವರ್ಷ ಇಲ್ಲದಿದ್ದರೆ ನೀಟ್ ಹೆಸರೇ ಎತ್ತಬೇಡ ಅನ್ನುತ್ತಿದ್ದೆ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯವಿಲ್ಲ. ಇನ್ನೊಂದು ಮಾತು: ಅರ್ಜಿಯಲ್ಲಿ ಓದಿನ ತಾರೀಖು ತುಂಬುವ ಕಡೆ ಪಿಯುಸಿಯನ್ನು 2019ರ ತನಕ ಎಳೆಯಬೇಡ. ಕೆಲವರು ಹಾಗೆ ಮಾಡುತ್ತಾರೆ, ಆಮೇಲೆ ಸರ್ಟಿಫಿಕೇಟ್ ತಾಳೆ ನೋಡುವಾಗ ಸಿಕ್ಕಿಬೀಳುತ್ತಾರೆ.

ಈಗ ನಿನ್ನ ಪ್ಯಾರಾಕ್ಕೆ ಬರೋಣ. ಮಾತುಕತೆಗೆ ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆಯುತ್ತೇನೆ. ನೀನು ಬರೆದಿರುವುದು ಇದು: "ಒಳ್ಳೆ ಕೋಚಿಂಗ್ ಇಲ್ಲದ ಗುಡ್ಡಗಾಡು ಜಿಲ್ಲೆಯವಳಾದ ನನಗೆ ಕೆಲವೇ ಅಂಕಗಳಲ್ಲಿ ಮೆಡಿಕಲ್ ಸೀಟು ತಪ್ಪಿತು. 2018ರ ಭೂಕುಸಿತದಿಂದ ಎರಡನೇ ಪ್ರಯತ್ನಕ್ಕೂ ಪೆಟ್ಟು ಬಿತ್ತು. ಅನಿವಾರ್ಯವಾಗಿ ಫಾರೆಸ್ಟ್ರಿಗೆ ಸೇರಬೇಕಾಯಿತು."

ಇದರಲ್ಲಿ ಸುಳ್ಳಿಲ್ಲ. ಆದರೆ ಓದುವವರ ಕಣ್ಣಿನಿಂದ ನೋಡು. ಮೂರು ವಾಕ್ಯದಲ್ಲೂ ನೀನು ಏನನ್ನೂ ಮಾಡಿಲ್ಲ. ಸೀಟು ತಪ್ಪಿತು, ಪೆಟ್ಟು ಬಿತ್ತು, ಸೇರಬೇಕಾಯಿತು. ಎಲ್ಲವೂ ನಿನ್ನ ಮೇಲೆ ಬಂದು ಬಿದ್ದದ್ದೇ. ಕಹಿ ಇರುವುದು ಬೈಗುಳದಲ್ಲಲ್ಲ, ಈ ಕ್ರಿಯಾಪದಗಳಲ್ಲಿ. "ಕೆಲವೇ ಅಂಕ" ಅಂದರೆ ನನಗೆ ಸಿಗಬೇಕಿತ್ತು ಅಂತ ಇನ್ನೂ ವಾದ ಮಾಡುತ್ತಿದ್ದೀಯ ಅಂತ ಅರ್ಥ. ಇನ್ನು "ಅನಿವಾರ್ಯವಾಗಿ" ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಅದನ್ನು ಓದುವ ಪ್ರೊಫೆಸರು ಯಾರು? ಜೀವನಪೂರ್ತಿ ಕಾಡಿನ ವಿಷಯವನ್ನೇ ಕಲಿಸಿದವರು. ನಿಮ್ಮ ವಿಷಯ ನನಗೆ ಬೇರೆ ಗತಿಯಿಲ್ಲದೆ ಸಿಕ್ಕಿದ್ದು ಅಂತ ಅವರ ಮುಖಕ್ಕೇ ಹೇಳಿದ ಹಾಗಾಯಿತು.

ಭೂಕುಸಿತದ ಮಾತು ನೀನು ಯೋಚಿಸಿ ಬರೆದದ್ದೇ ಇರಬಹುದು. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಏನಾಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಆದರೆ ನೀಟ್ ನಡೆದಿದ್ದು 2019ರ ಮೇ 5ಕ್ಕೆ. ನಡುವೆ ಹೆಚ್ಚುಕಡಿಮೆ ಒಂಬತ್ತು ತಿಂಗಳು. ಓದುವವರು ಬೆರಳು ಮಡಚಿ ಎಣಿಸಿದರೆ ಅದು ನೆಪ ಅನ್ನಿಸುತ್ತದೆ. ನಿಮ್ಮ ಮನೆ, ತೋಟ ಉಳಿದಿತ್ತು, ಪುಣ್ಯ. ಮನೆಯನ್ನೇ ಕಳೆದುಕೊಂಡವರು ಬರೆದರೆ ಅದರ ತೂಕ ಬೇರೆ. ಹಾಗೇ "15 ಲಕ್ಷ ಜನ ಹೆಸರು ನೋಂದಾಯಿಸಿದ್ದ ಪರೀಕ್ಷೆ" ಅನ್ನುವುದನ್ನೂ ತೆಗೆ. ಲೆಕ್ಕ ಸರಿಯೇ, ಆದರೆ ಅದು ಅಲ್ಲಿ ಮಾಡುತ್ತಿರುವುದು ಸಮರ್ಥನೆಯ ಕೆಲಸ. ಹೊರದೇಶದವರಿಗೆ ನೀಟ್ ಅಂದರೆ ಏನು ಅಂತ ಅರ್ಧ ವಾಕ್ಯದಲ್ಲಿ ತಿಳಿಸಿದರೆ ಸಾಕು. ಅಂಕ, ರ‍್ಯಾಂಕ್ ಯಾವುದೂ ಬೇಡ. 720ಕ್ಕೆ ಎಷ್ಟು ಬಂದರೆ ಸೀಟು ಅಂತ ಅವರಿಗೇನು ಗೊತ್ತು?

ಹೀಗಂತ ಇನ್ನೊಂದು ತುದಿಗೂ ಹೋಗಬೇಡ. "ಫೇಲಾಗಿದ್ದೇ ಒಳ್ಳೆಯದಾಯಿತು, ಚಿಕ್ಕಂದಿನಿಂದಲೂ ನನಗೆ ಕಾಡೇ ಪ್ರಾಣ" ಅಂತ ಬರೆದರೆ ಯಾರೂ ನಂಬುವುದಿಲ್ಲ. ಕಾಡೇ ಪ್ರಾಣವಾಗಿದ್ದವಳು ಎರಡು ಸಲ ಮೆಡಿಕಲ್ ಪರೀಕ್ಷೆ ಯಾಕೆ ಬರೆದಳು ಅಂತ ಕೇಳುತ್ತಾರೆ. ನಿಜವಾಗಿ ನಡೆದದ್ದೇನು? ಮೂರನೇ ಸಲ ಬರೆಯಲ್ಲ ಅಂತ ನೀನೇ ತೀರ್ಮಾನ ಮಾಡಿದೆ. ನಿಮ್ಮಪ್ಪ ಎರಡು ತಿಂಗಳು ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ (ಅದು ಅರ್ಜಿಗೆ ಬೇಡ, ನಮ್ಮೊಳಗೇ ಇರಲಿ). ಸಿಇಟಿಯಲ್ಲಿ ಫಾರೆಸ್ಟ್ರಿ ಸಿಕ್ಕಿತು, ಸೇರಿದೆ. ಆಸಕ್ತಿ ಬಂದಿದ್ದು ಆಮೇಲೆ, ಪ್ರಾಜೆಕ್ಟ್ ಮಾಡುವಾಗ. ಆ ಕ್ರಮದಲ್ಲೇ ಹೇಳು:

"ಪಿಯುಸಿ ನಂತರ ಒಂದು ವರ್ಷ ಮನೆಯಲ್ಲಿದ್ದು, ಎಂಬಿಬಿಎಸ್ ಸೀಟುಗಳಿಗಾಗಿ ದೇಶಾದ್ಯಂತ ನಡೆಯುವ ಪ್ರವೇಶ ಪರೀಕ್ಷೆಯನ್ನು ಎರಡನೇ ಸಲ ಬರೆದೆ. ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಮತ್ತೆ ಬರೆಯುವುದು ಬೇಡವೆಂದು ನಿರ್ಧರಿಸಿ 2019ರಲ್ಲಿ ಪೊನ್ನಂಪೇಟೆಯ ಅರಣ್ಯ ಕಾಲೇಜು ಸೇರಿದೆ."

ಇಷ್ಟೇ. ಮೂರು ವಾಕ್ಯ, ಮೂರರಲ್ಲೂ ನಡೆದದ್ದು ಮಾತ್ರ. ಬರೆದೆ, ನಿರ್ಧರಿಸಿದೆ, ಸೇರಿದೆ. ಸೋತಿದ್ದನ್ನು ಮುಚ್ಚಿಟ್ಟಿಲ್ಲ, ಅದರ ಮೇಲೆ ಕೂತು ಅತ್ತೂ ಇಲ್ಲ. "ದುರದೃಷ್ಟಕ್ಕೆ" ಅಂತ ಮುಂದೆ ಸೇರಿಸುವ ಆಸೆಯಾಗುತ್ತದೆ, ಸೇರಿಸಬೇಡ.

ಮುಖ್ಯವಾದದ್ದು ನಾಲ್ಕನೇ ವಾಕ್ಯ. ಅದು ನೇರ ಕೆಲಸಕ್ಕೆ ಇಳಿಯಬೇಕು. ನಿನ್ನ ಹತ್ತಿರ ಸರಕು ಇದೆ. ಒಂದು ದೇವರಕಾಡು, ಅದರ ಪಕ್ಕದ ಕಾಫಿ ತೋಟ. ಎರಡರಲ್ಲೂ ಎದೆಮಟ್ಟಕ್ಕೆ, 1.37 ಮೀಟರ್ ಎತ್ತರದಲ್ಲಿ, ಟೇಪ್ ಹಿಡಿದು ಮರಗಳ ಸುತ್ತಳತೆ ತೆಗೆದಿದ್ದೀಯ. ಕೆಳಗಿದ್ದ ಎಳೆ ಸಸಿಗಳನ್ನೂ ಎಣಿಸಿದ್ದೀಯ. ತೋಟದಲ್ಲಿ ಹಳೆ ನಂದಿ, ಬೀಟೆ ಮರಗಳು ನಿಂತಿದ್ದರೂ ಅವುಗಳ ಮರಿ ಇಲ್ಲ, ಎಲ್ಲಿ ನೋಡಿದರೂ ಸಿಲ್ವರ್ ಓಕ್ ಅಂತ ನೀನೇ ಹೇಳಿದ್ದೆ. ಬೇಗ ಬೆಳೆಯುತ್ತದೆ, ಮೆಣಸು ಹಬ್ಬುತ್ತದೆ, ಕಡಿದು ಮಾರಲು ತಾಪತ್ರಯ ಕಡಿಮೆ ಅಂತ ನಮ್ಮವರೆಲ್ಲ ಸಿಲ್ವರ್ ಹಾಕಿದರು. ನಮ್ಮ ತೋಟದಲ್ಲೂ ಅದೇ. ಈ ಹಳೆ ಮರಗಳು ಬಿದ್ದ ಮೇಲೆ ನೆರಳಿಗೆ ಏನಿರುತ್ತದೆ ಅನ್ನುವ ಪ್ರಶ್ನೆ ನಿನಗೆ ಅಲ್ಲೇ ಹುಟ್ಟಿದ್ದು. ಅದನ್ನು ಬರೆ, ಅರ್ಧ ಪುಟ ಬರೆ. ಇದನ್ನು ಓದಿದವರು ನೀನು ಯಾಕೆ ಡಾಕ್ಟರಾಗಲಿಲ್ಲ ಅಂತ ಯೋಚಿಸುತ್ತಾ ಕೂರುವುದಿಲ್ಲ.

ನೀಟ್‌ನ ಆ ಮೂರು ಸಾಲನ್ನು ಎಸ್‌ಒಪಿಯ ಮೊದಲಿಗೆ ಹಾಕಬೇಡ. ಸಿಲ್ವರ್ ಮತ್ತು ನಂದಿಯ ಪ್ರಶ್ನೆಯಿಂದ ಶುರು ಮಾಡು. ಅಲ್ಲಿಗೆ ಹೇಗೆ ಬಂದೆ ಅಂತ ಹೇಳುವಾಗ, ಎರಡನೇ ಪ್ಯಾರಾದಲ್ಲಿ, ಇದು ಬಂದು ಹೋಗಲಿ. ಕೆಲವು ಅರ್ಜಿಗಳಲ್ಲಿ ಹೆಚ್ಚಿನ ಮಾಹಿತಿಗೆ ಅಂತ ಬೇರೆ ಜಾಗ ಇರುತ್ತದೆ. ಅಂಥ ಕಡೆ ಮೂರು ಸಾಲೂ ಅಲ್ಲಿಗೇ ಹೋಗಲಿ, ಎಸ್‌ಒಪಿಯಲ್ಲಿ ಬೇಡವೇ ಬೇಡ. ಎರಡೂ ಕಡೆ ಹಾಕಿದರೆ ಅದೇ ನಿನ್ನ ತಲೆಯಲ್ಲಿ ತುಂಬಿದೆ ಅಂತ ಆಗುತ್ತದೆ.

ಶಿಫಾರಸು ಪತ್ರ ಕೊಡುವ ನಿನ್ನ ಪ್ರಾಜೆಕ್ಟ್ ಗೈಡ್‌ಗೂ ಈ ಹೊಸ ಪ್ರತಿ ಕಳಿಸು. ಪಾಪ, ಅವರು ಒಳ್ಳೆ ಮನಸ್ಸಿನಿಂದ "ಮೆಡಿಕಲ್ ತಪ್ಪಿದರೂ ಎದೆಗುಂದದ ಹುಡುಗಿ" ಅಂತೇನಾದರೂ ಬರೆದುಬಿಟ್ಟರೆ ನಾವು ಬಾಗಿಲಿನಿಂದ ಹೊರಗೆ ಕಳಿಸಿದ್ದು ಕಿಟಕಿಯಿಂದ ಒಳಗೆ ಬಂದ ಹಾಗೆ. ಅವರು ದೇವರಕಾಡಿನ ಲೆಕ್ಕದ ಬಗ್ಗೆ ಬರೆದರೆ ಸಾಕು.

ಆನ್‌ಲೈನ್ ಇಂಟರ್‌ವ್ಯೂ ಇದ್ದರೆ ಆ ಖಾಲಿ ವರ್ಷದ ಬಗ್ಗೆ ಕೇಳಬಹುದು. ಆಗಲೂ ಅದೇ ಮೂರು ವಾಕ್ಯ ಹೇಳಿ ನಿಲ್ಲಿಸು. ಸುಮ್ನೆ ಕೂತರೆ ಅವರೇ ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಹೊಸ ಪ್ರತಿ ಶನಿವಾರದೊಳಗೆ ಕಳಿಸು. ಭಾನುವಾರ ತೋಟಕ್ಕೆ ಆಳು ಬರುತ್ತಾರೆ, ಆಮೇಲೆ ನನಗೆ ಬಿಡುವಿರುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ